ಸಹಾಯ ಬೇಕು: ಪಿ ಮೌಲ್ಯ 0.08 ಇದ್ದರೆ ಎರಡು ಗುಂಪು ಒಂದೇ ತರಹ ಅಂತ ಹೇಳಬಹುದಾ?

ಎಲ್ಲರಿಗೂ ನಮಸ್ಕಾರ. ಚರ್ಚೆಗೆ ಅಂತ ಬಿಪಿ ಔಷಧಿಯ ಒಂದು ಟ್ರಯಲ್ ಓದುತ್ತಿದ್ದೇನೆ. ಚೀಟಿ ಎತ್ತಿದ ಹಾಗೆ ರ‍್ಯಾಂಡಮ್ ಆಗಿ ಹಂಚಿದ್ದಾರೆ, ಗುಂಪಿಗೆ 40 ಜನ. ಮೊದಲ ಟೇಬಲ್‌ನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಔಷಧಿ ಗುಂಪಿನ ಸರಾಸರಿ ವಯಸ್ಸು 54, ಇನ್ನೊಂದರದ್ದು 58. ಎರಡರಲ್ಲೂ ಎಸ್‌ಡಿ 10. ಪಕ್ಕದಲ್ಲಿ ಪಿ ಮೌಲ್ಯ 0.08 ಅಂತ ಹಾಕಿ, ‘ಗುಂಪುಗಳು ಸಮಾನವಾಗಿದ್ದವು’ ಎಂದು ಬರೆದು ಮುಗಿಸಿದ್ದಾರೆ. ಅಷ್ಟು ಸುಲಭನಾ? ಇದೇ 4 ವರ್ಷದ ವ್ಯತ್ಯಾಸ ಗುಂಪಿಗೆ 400 ಜನ ಇದ್ದಿದ್ದರೆ ಪಿ ತುಂಬಾ ಚಿಕ್ಕದಾಗುತ್ತಿತ್ತು. ಅಂದರೆ ಅದು ಹೇಳುತ್ತಿರುವುದು ಜನರ ಸಂಖ್ಯೆಯ ಕಥೆ, ಹೋಲಿಕೆಯದ್ದಲ್ಲ. ಅದೂ ಅಲ್ಲದೆ ಹಂಚಿದ್ದೇ ರ‍್ಯಾಂಡಮ್ ಆಗಿ ಅಂದಮೇಲೆ, ವ್ಯತ್ಯಾಸ ಆಕಸ್ಮಿಕವಾ ಅಂತ ಪರೀಕ್ಷೆ ಮಾಡುವುದೇ ವಿಚಿತ್ರ ಅಲ್ವಾ?

ಹಾಗಾಗಿ ವ್ಯತ್ಯಾಸವನ್ನು ಎಸ್‌ಡಿಯಿಂದ ಭಾಗಿಸಿ ನೋಡಿದೆ: 4 ÷ 10 = 0.4. ಸಾಮಾನ್ಯವಾಗಿ 0.1 ದಾಟಿದರೆ ಅಸಮತೋಲನ ಅನ್ನುತ್ತಾರೆ. ಆದರೆ ಆ ಗೆರೆ ಹೆಚ್ಚಾಗಿ ಬಳಕೆಯಲ್ಲಿರುವುದು ರ‍್ಯಾಂಡಮ್ ಅಲ್ಲದ ಅಧ್ಯಯನಗಳಲ್ಲಿ. ಗುಂಪಿಗೆ 40 ಜನ ಇದ್ದಾಗ ಸುಮ್ನೆ ಆಕಸ್ಮಿಕವಾಗಿಯೇ 0.2ರಷ್ಟು ಏರುಪೇರು ಮಾಮೂಲಿ. ಇಲ್ಲೇ ಗೊಂದಲ. ವಯಸ್ಸು ಬಿಪಿಯ ಫಲಿತಾಂಶವನ್ನೇ ಬದಲಿಸಬಲ್ಲದು, ಚಿಕ್ಕ ವಯಸ್ಸಿನವರು ಔಷಧಿ ಕಡೆಗೇ ಜಾಸ್ತಿ ಇದ್ದಾರೆ. ವಯಸ್ಸಿಗೆ ಹೊಂದಿಸಿದ ಫಲಿತಾಂಶವನ್ನು ಲೇಖನದಲ್ಲಿ ಎಲ್ಲೂ ಕೊಟ್ಟಿಲ್ಲ.

ಇಷ್ಟು ಚಿಕ್ಕ ರ‍್ಯಾಂಡಮ್ ಟ್ರಯಲ್‌ನಲ್ಲಿ 0.4 ಅನ್ನು ದೋಷ ಅಂತ ಎಣಿಸಬೇಕಾ, ಅಥವಾ ಹೊಂದಿಸಿದ ಫಲಿತಾಂಶ ಇಲ್ಲದಿರುವುದನ್ನು ಮಾತ್ರ ಪ್ರಶ್ನಿಸಬೇಕಾ? ನೀವಾದರೆ ಯಾವುದನ್ನು ಬರೆಯುತ್ತೀರಿ?