ಸಹಾಯ ಬೇಕು: ಪ್ರಿಸಂ ಬಣ್ಣಗಳು ಬೇರೆಯಾಗುತ್ತಿಲ್ಲ

ನಮಸ್ಕಾರ. ಸಾಗರದ ಹತ್ತಿರ ಹೈಸ್ಕೂಲಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಪ್ರಿಸಂ ಮಾಮೂಲಿ ಕ್ರೌನ್ ಗಾಜಿನದು, ಕೋನ 60 ಡಿಗ್ರಿ. ಕಿಟಕಿಯ ಸೀಳಿನಿಂದ ಬಿಸಿಲು ಬಿಟ್ಟರೆ ಗೋಡೆಯ ಮೇಲೆ ಅಂಚಲ್ಲಿ ಮಾತ್ರ ಕೆಂಪು, ನೀಲಿ ಕಾಣುತ್ತದೆ. ನಡುವೆ ಬರೀ ಬಿಳಿಚು.

ಲೆಕ್ಕ ಹಾಕಿದೆ. ಈ ಗಾಜಿನ ವಕ್ರೀಭವನ ಸೂಚ್ಯಂಕ ಕೆಂಪಿಗೆ (656 ನ್ಯಾನೋಮೀಟರ್) ಸುಮಾರು 1.514, ನೀಲಿಗೆ (486) 1.522. ಕನಿಷ್ಠ ವಿಚಲನೆಯಲ್ಲಿ ಕೆಂಪು 38.4 ಡಿಗ್ರಿ ಬಾಗುತ್ತದೆ, ನೀಲಿ 39.1. ಅಂದರೆ ಎರಡರ ಅಂತರ ಬರೀ 0.7 ಡಿಗ್ರಿ, 2 ಮೀಟರ್ ದೂರದಲ್ಲಿ ಎರಡೂವರೆ ಸೆಂಟಿಮೀಟರ್. ಆದರೆ ಸೂರ್ಯನ ಅಗಲವೇ ಅರ್ಧ ಡಿಗ್ರಿ! ಹಾಗಾಗಿ ಬಣ್ಣಗಳು ಒಂದರ ಮೇಲೊಂದು ಬೀಳುತ್ತವೆ. ಗೋಡೆ ದೂರ ಮಾಡಿದರೆ ಎರಡೂ ಒಟ್ಟಿಗೇ ಹಿಗ್ಗುತ್ತವೆ, ಅದೇನೂ ಪ್ರಯೋಜನವಿಲ್ಲ ಅಲ್ವಾ?

ಮೊದಲ ಸೀಳಿನಿಂದ ಒಂದು ಮೀಟರ್ ದೂರದಲ್ಲಿ, ಪ್ರಿಸಂ ಮುಂದೆಯೇ, ಒಂದು ಮಿಲಿಮೀಟರಿನ ಎರಡನೇ ಸೀಳು ಇಡುವ ಯೋಚನೆ ಇದೆ. ಆಗ ಕಿರಣದ ಹರವು ಸುಮಾರು 0.1 ಡಿಗ್ರಿಗೆ ಇಳಿಯಬೇಕು. ಕತ್ತಲೆ ಕೋಣೆಯಲ್ಲಿ ಅಷ್ಟು ಬೆಳಕು ಸಾಕೇ? ಮಾಡಿ ನೋಡಿದವರು ಹೇಳಿ.

ಇಲ್ಲದಿದ್ದರೆ ಶಿವಮೊಗ್ಗದ ಕಡೆ ಯಾರಾದರೂ ಫ್ಲಿಂಟ್ ಗಾಜಿನ ಪ್ರಿಸಂ ಸ್ವಲ್ಪ ದಿನ ಕೊಡ್ತೀರಾ? ಅದು ಬಣ್ಣಗಳನ್ನು ಇದರ ಎರಡು ಪಟ್ಟಿಗಿಂತ ಜಾಸ್ತಿ ಹರಡುತ್ತದೆ. ಮಳೆ ಹಿಡಿಯುವ ಮೊದಲೇ ಬೇಕಿತ್ತು, ಆಮೇಲೆ ನಮ್ಮಲ್ಲಿ ಬಿಸಿಲೆಲ್ಲಿ!