ಪದಚರ್ಚೆ: ‘ಮೂವತ್ತೈದು ಪಾಸಿಂಗ್’ ಅಂದರೆ ಜಿಲ್ಲೆಯೋ, ಕಚೇರಿಯೋ?

ಮೈಸೂರಿನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು ಕತೆಯ ಕರಡು ತಿದ್ದುತ್ತಿದ್ದೇನೆ. ಬರೆದವರು ಗದಗದ ಕಡೆಯವರು. ಅದರಲ್ಲಿ ಒಂದು ಸಾಲು ಹೀಗಿದೆ: “ಢಾಬಾದ ಮುಂದ ಮೂವತ್ತೈದು ಪಾಸಿಂಗ್‌ದು ಒಂದು ಲಾರಿ ನಿಂತಿತ್ತು.” ನಮ್ಮ ಕಡೆ ‘ಹಾಸನ ರಿಜಿಸ್ಟ್ರೇಷನ್’, ‘ಮಂಡ್ಯದ ಗಾಡಿ’ ಅಂತೀವೇ ಹೊರತು ‘ಪಾಸಿಂಗ್’ ಅನ್ನೋದು ಕೇಳಿಲ್ಲ. ಇದು ನೋಂದಣಿಗೇ ಇರುವ ಮಾತಾ? ಇನ್ನೊಂದು, ನಂಬರ್ ಪ್ಲೇಟಿನ ಕೆಎ-35 ವಿಜಯನಗರದ್ದು ಅಂತಾರೆ, ಹಾಗಾಗಿ ದಕ್ಷಿಣದ ಓದುಗರಿಗೆ ತಿಳಿಯಲಿ ಅಂತ ‘ವಿಜಯನಗರ ಜಿಲ್ಲೆಯ ಲಾರಿ’ ಎಂದು ತಿದ್ದಿದರೆ ಅರ್ಥ ಕೆಡುತ್ತಾ? ಕತೆ ನಡೆಯೋದು 2005ರಲ್ಲಿ.

ಹುಬ್ಬಳ್ಳಿಯಿಂದ:

ಮೇಡಂ, ದಯವಿಟ್ಟು ತಿದ್ದಬೇಡಿ. ನಮ್ಮಲ್ಲಿ ಯಾವ ಗಾಡಿ ಕಂಡರೂ ಮೊದಲು ಕೇಳೋದೇ “ಎಲ್ಲೀ ಪಾಸಿಂಗ್?” ಅಂತ. ಕೊಲ್ಹಾಪುರ, ಸಾಂಗ್ಲಿ ಕಡೆ ಹೋದರೂ ಇದೇ ಮಾತು. ನೋಂದಣಿಗೆ ಅಂತಲೇ ಹೇಳ್ತೀವಿ, ಅದರಲ್ಲಿ ಅನುಮಾನ ಬೇಡ. ಆದರೆ ಲಾರಿಯವರ ಬಾಯಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. “ನಾಳೆ ಗಾಡಿ ಪಾಸಿಂಗ್ ಐತಿ” ಅಂದರೆ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಿ ಬ್ರೇಕು, ಲೈಟು ಎಲ್ಲಾ ತೋರಿಸಿ ಸರ್ಟಿಫಿಕೇಟ್ ತಗೊಳ್ಳೋದು. ನೀವು ಅದನ್ನ ‘ಎಫ್‌ಸಿ ಮಾಡಿಸೋದು’ ಅಂತೀರಿ. ಹೊಸ ಗಾಡಿಯನ್ನೂ ನೋಂದಣಿಗೆ ಮುಂಚೆ ಇನ್‌ಸ್ಪೆಕ್ಟರ್ ನೋಡಿ ಪಾಸ್ ಮಾಡುತ್ತಿದ್ದರಲ್ಲ, ಮಾತು ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಲೆಕ್ಕ. ನಿಮ್ಮ ಕತೆಯಲ್ಲಿ ಮಾತ್ರ ‘ಮೂವತ್ತೈದು’ ಜೊತೆಗಿದೆ, ಹಾಗಾಗಿ ನೋಂದಣಿಯೇ.

ಬೆಂಗಳೂರಿನಿಂದ:

ಇದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆ? ಜಿಲ್ಲೆಗೊಂದು ನಂಬರ್ ಅಷ್ಟೇ. ಬೆಂಗಳೂರು ದೊಡ್ಡದು ಅಂತ ಜಾಸ್ತಿ ಕೊಟ್ಟಿದ್ದಾರೆ. ವಿಜಯನಗರ ಜಿಲ್ಲೆ ಆದಾಗ ಅದಕ್ಕೆ 35 ಕೊಟ್ಟರು. 57 ಮಾತ್ರ ಜಿಲ್ಲೆಯಲ್ಲ, ಅದು ಸರ್ಕಾರಿ ಬಸ್ಸಿನ ಕೋಡ್, ಬೇಕಾದರೆ ಯಾವ ಕೆಂಪು ಬಸ್ಸಾದರೂ ನೋಡಿ.

ದಾವಣಗೆರೆಯಿಂದ:

ಬೆಂಗಳೂರಿನವರು ಹೇಳಿದ್ದು ಅರ್ಧ ಸರಿ. ನಂಬರ್ ಇರೋದು ಕಚೇರಿಗೆ, ಜಿಲ್ಲೆಗಲ್ಲ. ಹಾಗಾಗಿಯೇ ಒಂದು ಜಿಲ್ಲೆಯಲ್ಲಿ ಆರ್‌ಟಿಓ ಕಚೇರಿಯ ಜೊತೆಗೆ ಸಹಾಯಕ ಆರ್‌ಟಿಓ ಕಚೇರಿ ಇದ್ದರೆ ಅದಕ್ಕೂ ಬೇರೆ ನಂಬರ್ ಇರುತ್ತೆ. ದಕ್ಷಿಣ ಕನ್ನಡವನ್ನೇ ನೋಡಿ, ಮಂಗಳೂರು 19, ಪುತ್ತೂರು 21, ಬಂಟ್ವಾಳ 70. ನಡುವಿನ 20 ಎಲ್ಲಿ ಹೋಯಿತು ಅಂದರೆ ಉಡುಪಿಗೆ. ಅದು ಯಾಕೆ ನಡುವೆ ಸೇರಿಕೊಂಡಿತು ಅನ್ನೋದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

ಕೆಎ ಸರಣಿ ಬಂದದ್ದು ಹೊಸ ಮೋಟಾರು ವಾಹನ ಕಾಯ್ದೆಯ ಜೊತೆ, 1989ರ ಹೊತ್ತಿಗೆ. ಆಗ ರಾಜ್ಯದಲ್ಲಿದ್ದದ್ದು 20 ಜಿಲ್ಲೆ. ಒಂದರಿಂದ 39ರವರೆಗೆ ಸುಮ್ನೆ ಬೆರಳಿಟ್ಟುಕೊಂಡು ಓದುತ್ತಾ ಹೋಗಿ, ಬೆಂಗಳೂರಿನಿಂದ ಹೊರಟು ಬೀದರಿನ ಭಾಲ್ಕಿಗೆ ಬಂದು ನಿಲ್ಲುತ್ತೀರಿ. ದಾರಿಯಲ್ಲಿ ಎಷ್ಟೋ ಹಳೇ ಜಿಲ್ಲೆಗಳು ಜೋಡಿ ಜೋಡಿಯಾಗಿ ಸಿಗುತ್ತವೆ. ಮೈಸೂರು 9, ಪಕ್ಕದಲ್ಲೇ ಚಾಮರಾಜನಗರ 10. ಚಿತ್ರದುರ್ಗ 16, ದಾವಣಗೆರೆ 17. ಧಾರವಾಡ 25, ಆಮೇಲೆ ಗದಗ 26, ಹಾವೇರಿ 27. ರಾಯಚೂರು 36, ಕೊಪ್ಪಳ 37. ದಕ್ಷಿಣ ಕನ್ನಡದಿಂದ ಒಡೆದ ಉಡುಪಿಯೂ ಸೇರಿ ಈ ಹೊಸ ಜಿಲ್ಲೆಗಳೆಲ್ಲ ಬೇರೆಯಾದದ್ದು 1997ರಲ್ಲಿ. ಕಚೇರಿಯ ನಂಬರ್ ಮಾತ್ರ ತವರು ಜಿಲ್ಲೆಯ ಪಕ್ಕದಲ್ಲೇ ಉಳಿದುಕೊಂಡಿದೆ. ಬಳ್ಳಾರಿ 34, ಹೊಸಪೇಟೆ 35 ಕೂಡ ಹಾಗೇ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಹೊಸಪೇಟೆಗೆ 35 ಅದಕ್ಕಿಂತ ಎಷ್ಟೋ ಮೊದಲೇ ಇತ್ತು.

ಹಾಗಾಗಿ 2005ರ ಕತೆಯಲ್ಲಿ ‘ವಿಜಯನಗರ ಜಿಲ್ಲೆಯ ಲಾರಿ’ ಅಂತ ಹಾಕಿದರೆ ಇಲ್ಲದ ಜಿಲ್ಲೆಯ ಲಾರಿ ತಂದು ನಿಲ್ಲಿಸಿದ ಹಾಗೆ. ‘ಬಳ್ಳಾರಿ ಜಿಲ್ಲೆಯ’ ಅಂತ ಹಾಕಿದರೆ ಇಸವಿಗೆ ಸರಿ, ಆದರೆ ಓದಿದವರು 34 ಅಂದುಕೊಳ್ತಾರೆ. ತಿದ್ದಲೇಬೇಕು ಅಂದರೆ ‘ಹೊಸಪೇಟೆ ಪಾಸಿಂಗ್’ ಅನ್ನಿ.

40ರಿಂದ ಮುಂದೆ ಈ ಆಟ ನಡೆಯಲ್ಲ. ಚಿಕ್ಕಬಳ್ಳಾಪುರ 40, ರಾಮನಗರ 42, ದೇವನಹಳ್ಳಿ 43, ತಿಪಟೂರು 44, ಹುಣಸೂರು 45, ಹೀಗೆ ರಾಜ್ಯದ ಉದ್ದಗಲಕ್ಕೂ ಹಾರುತ್ತೆ. ಇನ್ನು 57 ಬೆಂಗಳೂರಿನ ಶಾಂತಿನಗರದ ಕಚೇರಿ. ಬಸ್ಸಿನ ಗುರುತು ಇರೋದು ನಂಬರಿನಲ್ಲಲ್ಲ, ಅದರ ಮುಂದಿನ ‘ಎಫ್’ ಅಕ್ಷರದಲ್ಲಿ. ಕೆಎ-09 ಎಫ್, ಕೆಎ-19 ಎಫ್ ಬಸ್ಸುಗಳೂ ಓಡಾಡುತ್ತವೆ. ಸರ್ಕಾರಿ ಇಲಾಖೆಯ ಜೀಪುಗಳಿಗೆ ‘ಜಿ’ ಇದ್ದ ಹಾಗೆ.

ಹರಪನಹಳ್ಳಿಯಿಂದ:

ಜಿಲ್ಲೆ ನೋಡಿ ನಂಬರ್ ಹೇಳ್ತೀನಿ ಅನ್ನೋರು ಒಮ್ಮೆ ನಮ್ಮ ಮನೆ ಅಂಗಳಕ್ಕೆ ಬನ್ನಿ. ನಮ್ಮ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ. 371(ಜೆ) ಸೌಲಭ್ಯ ಸಿಗಬೇಕು ಅಂತ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸಿದರು, 2021ರಲ್ಲಿ ವಿಜಯನಗರ ಆಯಿತು. ನಮ್ಮಪ್ಪನ ಬೈಕು ಕೆಎ-17, ತಮ್ಮನದು ಕೆಎ-35. ಇಬ್ಬರೂ ಊರು ಬಿಟ್ಟು ಎಲ್ಲೂ ಹೋದವರಲ್ಲ. ಅಪ್ಪನ ಬೈಕಿನ ನಂಬರ್ ಯಾರೂ ಬದಲಾಯಿಸಲಿಲ್ಲ, ಬದಲಾಯಿಸೋ ಅಗತ್ಯವೂ ಇಲ್ಲ. ಆ ಬೈಕು ನೋಡಿದ ಹೊಸಪೇಟೆಯವರು ಈಗಲೂ “ದಾವಣಗೆರೆಯವರಾ?” ಅಂತ ಕೇಳ್ತಾರೆ.

ಮಂಡ್ಯದಿಂದ ಬಂದು ಬೆಂಗಳೂರಿನಲ್ಲಿರುವವರು:

ಒಳ್ಳೇ ಚರ್ಚೆ. ನನ್ನದೂ ಇದೇ ಸಮಸ್ಯೆ. ಗಾಡಿ ಕೆಎ-11, ನಾನಿರೋದು ಜಯನಗರದಲ್ಲಿ. ಹಾಗಾದರೆ 05ಕ್ಕೆ ಪಾಸಿಂಗ್ ಮಾಡಿಸಬೇಕಾ? ಒಬ್ಬ ಏಜೆಂಟು ನಂಬರ್ ಬದಲಾಯಿಸಿಕೊಡ್ತೀನಿ ಅಂತ ದುಡ್ಡು ಕೇಳ್ತಿದ್ದಾನೆ.

ದಾವಣಗೆರೆಯಿಂದ:

ಸರ್, ಇಲ್ಲಿ ಕೇಳಿದ್ದು ಆ ಪ್ರಶ್ನೆ ಅಲ್ಲ, ಆದರೂ ದುಡ್ಡು ಕೊಡಬೇಡಿ ಅಂತ ಹೇಳಿಬಿಡ್ತೀನಿ. ರಾಜ್ಯದೊಳಗೆ ಎಲ್ಲಿಗೆ ಹೋದರೂ ನಂಬರ್ ಅದೇ. ಆರ್‌ಸಿಯಲ್ಲಿ ವಿಳಾಸ ತಿದ್ದಿಸಿದರೆ ಸಾಕು. ಬೇರೆ ರಾಜ್ಯಕ್ಕೆ ಹೋಗಿ 12 ತಿಂಗಳ ಮೇಲೆ ಗಾಡಿ ಅಲ್ಲೇ ಇಟ್ಟುಕೊಂಡರೆ ಮಾತ್ರ ಅಲ್ಲಿನ ಹೊಸ ನಂಬರ್ ಬೇಕು. ಇದು ಪದಚರ್ಚೆಗೂ ಬೇಕಾದ ಮಾತೇ. ನಂಬರ್ ಹೇಳೋದು ಗಾಡಿ ಮೊದಲು ನೋಂದಣಿಯಾದ ಕಚೇರಿಯನ್ನ, ಮಾಲೀಕ ಈಗ ಇರೋ ಊರನ್ನಲ್ಲ. ಅದೂ ಸಡಿಲವಾಗ್ತಿದೆ. 2019ರ ತಿದ್ದುಪಡಿಯಲ್ಲಿ ರಾಜ್ಯದ ಯಾವ ನೋಂದಣಿ ಕಚೇರಿಯಲ್ಲಾದರೂ ಮಾಡಿಸಬಹುದು ಅಂತ ಕಾಯ್ದೆಯಲ್ಲೇ ಬಂದಿದೆ. 2021ರಲ್ಲಿ ಬಂದ ಬಿಎಚ್ ಸರಣಿಯಲ್ಲಂತೂ ರಾಜ್ಯದ ಹೆಸರೇ ಇಲ್ಲ.

ಹುಬ್ಬಳ್ಳಿಯಿಂದ:

ಕಾಯ್ದೆ ಏನೇ ಹೇಳಲಿ, ಜನರಿಗೆ ನಂಬರ್ ಅಂದರೆ ಊರು. ನಮ್ಮಲ್ಲೇ 25 ಧಾರವಾಡ ಅಂತ, 63 ಹುಬ್ಬಳ್ಳಿ ಅಂತ ಹುಡುಗರು ಗಾಡಿ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ತಿರುಗ್ತಾರೆ. ನಿಘಂಟಿನಲ್ಲಿ ‘ಕಚೇರಿ’ ಅಂತಷ್ಟೇ ಬರೆದರೆ ಬಳಕೆಯ ಅರ್ಥ ಬಿಟ್ಟುಹೋಗುತ್ತೆ.

ಮೈಸೂರಿನಿಂದ:

ಎಲ್ಲರಿಗೂ ಧನ್ಯವಾದ. ‘ಮೂವತ್ತೈದು ಪಾಸಿಂಗ್’ ಹಾಗೇ ಬಿಡ್ತೀನಿ. ಮುಂದಿನ ಸಾಲಿನಲ್ಲಿ ಹೇಗೂ ಡ್ರೈವರ್ ಬಾಯಿ ಬಿಡ್ತಾನೆ, ಅಲ್ಲಿ ‘ಹೊಸಪೇಟಿ’ ಅಂತ ಒಂದು ಮಾತು ಸೇರಿಸಬಹುದಾ ಅಂತ ಲೇಖಕರನ್ನ ಕೇಳಿದ್ದೇನೆ. ಇನ್ನೊಂದು ಉಳಿಯಿತು: ಈ ‘ಪಾಸಿಂಗ್’ ತುಂಗಭದ್ರೆಯ ಈಚೆ ಎಲ್ಲಿಯವರೆಗೆ ನಡೆಯುತ್ತೆ? ಶಿವಮೊಗ್ಗ, ಚಿತ್ರದುರ್ಗದವರು ಯಾರಾದರೂ ಹೇಳ್ತೀರಾ?