ಪದಚರ್ಚೆ: ಫುಟ್‌ಬಾಲಿನ ‘ಕೇರ್‌ಲೆಸ್’, ‘ರೆಕ್‌ಲೆಸ್’ ಎರಡಕ್ಕೂ ‘ಅಜಾಗರೂಕ’ ಸಾಕೇ?

ಗೆಳೆಯರೇ,
ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ನಡೆದ ಕಾಲೇಜು ಪಂದ್ಯವೊಂದರ ವರದಿ ಬರೆಯುತ್ತಿದ್ದೇನೆ. ರಕ್ಷಣಾ ಆಟಗಾರನೊಬ್ಬ ಪಕ್ಕದಿಂದ ಜಾರಿ ಬಂದು ಚೆಂಡನ್ನು ಹೊರಗೆ ತಳ್ಳಿದ. ಅದೇ ರಭಸದಲ್ಲಿ ಅವನ ಬೂಟು ಎದುರಾಳಿಯ ಪಾದಕ್ಕೆ ಬಡಿಯಿತು. ರೆಫರಿ ಹಳದಿ ಕಾರ್ಡ್ ತೋರಿಸಿದರು, ಕಾರಣ ‘ರೆಕ್‌ಲೆಸ್’ ಎಂದರು. ‘ಅಜಾಗರೂಕ’ ಎಂದು ಬರೆದರೆ ‘ಕೇರ್‌ಲೆಸ್’ಗೆ ಯಾವ ಪದ ಉಳಿಯುತ್ತದೆ?

ಹರಿಹರದಿಂದ ಒಬ್ಬರು:
ಚೆಂಡು ಮೊದಲು ಸಿಕ್ಕಿದ್ದರೆ ಅದು ಫೌಲೇ ಅಲ್ಲ. ಟ್ಯಾಕಲ್ ಮಾಡುವುದು ಅಪರಾಧವಲ್ಲವಲ್ಲ! ಬೇಕೆಂದೇ ಒದ್ದನೇ ಎಂಬುದನ್ನಷ್ಟೇ ನೋಡಬೇಕು.

ಚಿತ್ರದುರ್ಗದ ರೆಫರಿಯೊಬ್ಬರು:
ಟ್ಯಾಕಲ್ ಅಪರಾಧವಲ್ಲ ಎಂಬುದು ನಿಜ, ಸರ್. ಉಳಿದ ಎರಡು ಮಾತು ಹಳೆಯ ನಂಬಿಕೆ. ಚೆಂಡು ತಾಗಿದ ಮಾತ್ರಕ್ಕೆ ಆಟಗಾರ ಪಾರಾಗುವುದಿಲ್ಲ, ಅವನ ಮನಸ್ಸಿನಲ್ಲಿ ಏನಿತ್ತೆಂದು ನಾವು ಹುಡುಕುವುದೂ ಇಲ್ಲ. ನಿಯಮಾವಳಿಯ 12ನೇ ನಿಯಮ ಕೇಳುವುದು ಹೇಗೆ ಬಂದ ಎಂಬುದನ್ನು. ಗಮನವಿಲ್ಲದೆ ಕಾಲು ಹಾಕಿದರೆ ಫ್ರೀ ಕಿಕ್, ಅಷ್ಟೇ. ಎದುರಾಳಿಗೆ ಏನಾದೀತೆಂದು ಲೆಕ್ಕಿಸದೆ ನುಗ್ಗಿದರೆ ಹಳದಿ. ಅಗತ್ಯ ಮೀರಿದ ಬಲ ಬಳಸಿದರೆ ಅಥವಾ ಎದುರಾಳಿಯ ಸುರಕ್ಷತೆಗೆ ಅಪಾಯ ತಂದರೆ ಕೆಂಪು.

ನಿಮ್ಮ ಪ್ರಸಂಗದಲ್ಲಿ ನಾನು ನೋಡುವುದು ವೇಗ, ಎಷ್ಟು ದೂರದಿಂದ ಬಂದ, ಬೂಟಿನ ಯಾವ ಭಾಗ ಎಲ್ಲಿ ತಾಗಿತು ಎಂಬುದನ್ನು. ಕಾಲು ಮಡಚಿ, ನೆಲಕ್ಕೆ ತಾಗಿಕೊಂಡೇ ಬಂದು ಪಾದಕ್ಕೆ ಬಡಿದಿದ್ದರೆ ಹಳದಿ ಸರಿ. ಅದೇ ಕಾಲು ನೆಟ್ಟಗೆ ಚಾಚಿ, ಬೂಟಿನ ಮೊಳೆಗಳು ಮುಂದಾಗಿ, ಹಿಮ್ಮಡಿಯ ಗಂಟಿನ ಮೇಲೆ ಪೂರ್ತಿ ರಭಸದಿಂದ ಬಿದ್ದಿದ್ದರೆ, ಚೆಂಡು ಮೊದಲು ಸಿಕ್ಕಿದ್ದರೂ ನಾನು ಕೆಂಪನ್ನೇ ತೆಗೆಯುತ್ತಿದ್ದೆ.

ಪದ ಬೇಕೆಂದರೆ: ‘ಕೇರ್‌ಲೆಸ್’ಗೆ ‘ಎಚ್ಚರ ತಪ್ಪಿದ’, ‘ರೆಕ್‌ಲೆಸ್’ಗೆ ‘ಅಪಾಯ ಲೆಕ್ಕಿಸದ’, ಕೆಂಪು ಕಾರ್ಡಿನ ತಪ್ಪಿಗೆ ‘ಮಿತಿಮೀರಿದ ಬಲದ’.

ಜಗಳೂರಿನಿಂದ ಒಬ್ಬರು:
ನಾನು ಕಬಡ್ಡಿ ಆಡಿದವನು. ನಮ್ಮಲ್ಲಿ ಟ್ಯಾಕಲ್ ಎಂದರೆ ಹಿಡಿತ. ಹಾಗೇ ಬರೆದರೆ ಆಗದೇ?

ರೆಫರಿ:
ಫುಟ್‌ಬಾಲಿನಲ್ಲಿ ಹಿಡಿದರೆ ಅದೇ ಫೌಲ್, ಅಣ್ಣ. ‘ಟ್ಯಾಕಲ್’ ಎಂದೇ ಇರಲಿ.

ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು:
‘ಅಪಾಯ ಲೆಕ್ಕಿಸದ’ ಎಂದರೆ ನಮ್ಮ ಓದುಗರಿಗೆ ಧೈರ್ಯಶಾಲಿ ಎಂದು ಕೇಳಿಸುತ್ತದೆ. ಬೆಂಕಿಗೆ ಹಾರಿ ಮಗುವನ್ನು ಕಾಪಾಡಿದವನೂ ಅಪಾಯ ಲೆಕ್ಕಿಸದವನೇ. ಇಲ್ಲಿ ಅಪಾಯ ಇನ್ನೊಬ್ಬನಿಗೆ. ‘ಎಗ್ಗಿಲ್ಲದ’ ಎಂಬುದು ನನ್ನ ಆಯ್ಕೆ.

ಪ್ರಶ್ನೆ ಕೇಳಿದವರು:
ಮೇಡಂ, ‘ಎಗ್ಗಿಲ್ಲದ’ ಶೀರ್ಷಿಕೆಗೂ ಒಗ್ಗುತ್ತದೆ. ಹಾಗಾದರೆ ಹಳದಿ ಕಂಡಲ್ಲೆಲ್ಲ ಅದನ್ನೇ ಬರೆಯಬಹುದೇ?

ರೆಫರಿ:
ಬೇಡ. ಎಚ್ಚರ ತಪ್ಪಿದ ಸಣ್ಣ ಫೌಲ್ ಕೂಡ ಗೋಲಿನ ಭರವಸೆ ಮೂಡಿಸಿದ ದಾಳಿಯನ್ನು ತಡೆದರೆ ಹಳದಿ ಬರುತ್ತದೆ. ಅಲ್ಲಿ ಶಿಕ್ಷೆ ದಾಳಿ ತಡೆದದ್ದಕ್ಕೆ, ಒರಟಿಗಲ್ಲ. ಪಂದ್ಯ ಮುಗಿದ ಮೇಲೆ ರೆಫರಿಯನ್ನು ಕೇಳಿ ಬರೆಯಿರಿ.

ಹರಿಹರದಿಂದ:
ಚೆಂಡು ಮೊದಲು ಸಿಕ್ಕಿತ್ತು ಎಂಬುದನ್ನೂ ಬರೆಯಿರಿ.